ಬೆನ್ನು, ನೆತ್ತಿ, ಕಾಲ್ಬೆರಳ ಸಂದಿ: ನಮಗೇ ಕಾಣದ ಜಾಗದ ಫೋಟೋ ಡಾಕ್ಟರಿಗೆ ಕಾಣುವ ಹಾಗೆ ತೆಗೆಯುವುದು ಹೇಗೆ

ಬೆನ್ನ ಮೇಲೆ ಏನೋ ಕಲೆ ಎದ್ದಿದೆ ಅಂತ ಮನೆಯವರು ಹೇಳುತ್ತಾರೆ. ನಮಗೆ ಕಾಣುವುದಿಲ್ಲ. ಚರ್ಮದ ಡಾಕ್ಟರು ಇರುವುದು ದೂರದ ಊರಿನಲ್ಲಿ, ಅಪಾಯಿಂಟ್‌ಮೆಂಟ್ ಮುಂದಿನ ವಾರ. ಅಷ್ಟರಲ್ಲಿ ಒಂದು ಫೋಟೋ ಕಳಿಸಿ, ನೋಡೋಣ ಅಂತಾರೆ. ಆಗ ಬಹಳ ಜನ ಮಾಡುವುದು ಒಂದೇ ಕೆಲಸ. ಬಾತ್‌ರೂಮಿನ ಕನ್ನಡಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿಂದ ಫೋನ್ ಹಿಡಿದು, ಫ್ಲ್ಯಾಶ್ ಹಾಕಿ ಕ್ಲಿಕ್ ಮಾಡುತ್ತಾರೆ. ಬರುವ ಚಿತ್ರದಲ್ಲಿ ಕನ್ನಡಿಯಲ್ಲಿ ಹೊಳೆಯುವ ದೊಡ್ಡ ಬಿಳಿ ಚುಕ್ಕೆ, ಅದರ ಆಚೆ ಮಸುಕು ಮಸುಕಾಗಿ ಒಂದು ಬೆನ್ನು. ಕಲೆ ಕಪ್ಪೋ ಕಂದೋ, ಉಬ್ಬಿದೆಯೋ ಇಲ್ಲವೋ, ಎಡಕ್ಕಿದೆಯೋ ಬಲಕ್ಕಿದೆಯೋ, ಯಾವುದೂ ಹೇಳಲಾಗದು.

ಇದಕ್ಕೆ ದುಬಾರಿ ಫೋನ್ ಬೇಕಾಗಿಲ್ಲ. ಬೇಕಾಗಿರುವುದು ಒಂದು ಕಿಟಕಿ, ಒಂದು ಸ್ಕೇಲು, ಸಾಧ್ಯವಾದರೆ ಇನ್ನೊಬ್ಬರ ಕೈ. ಮುಖ್ಯವಾಗಿ ಒಂದು ವಿಷಯ ತಲೆಯಲ್ಲಿರಬೇಕು: ಕನ್ನಡಿ ಇರುವುದು ಜಾಗ ಹುಡುಕುವುದಕ್ಕೆ. ಫೋಟೋವನ್ನು ಮಾತ್ರ ಫೋನಿನ ಹಿಂಬದಿಯ ಕ್ಯಾಮೆರಾದಿಂದ, ನೇರವಾಗಿ ಚರ್ಮದ ಕಡೆ ತಿರುಗಿಸಿಯೇ ತೆಗೆಯಬೇಕು.

ಕನ್ನಡಿ ಎಲ್ಲಿ ಕೈ ಕೊಡುತ್ತದೆ

ಕನ್ನಡಿಯಲ್ಲಿ ಕಾಣುವ ಬೆನ್ನು ಕನ್ನಡಿಯ ಮೇಲೆ ಇರುವುದಿಲ್ಲ, ಅಲ್ವಾ? ಕ್ಯಾಮೆರಾದಿಂದ ಕನ್ನಡಿವರೆಗೆ ಎಷ್ಟು ದೂರವೋ, ಅದಕ್ಕೆ ಕನ್ನಡಿಯಿಂದ ಬೆನ್ನಿನವರೆಗಿನ ದೂರವೂ ಸೇರುತ್ತದೆ. ಹೆಗಲ ಮೇಲಿಂದ ಹಿಡಿದ ಫೋನಿಗೆ ಕನ್ನಡಿ ಅರ್ಧ ಮೀಟರ್ ದೂರ ಇದ್ದು, ಬೆನ್ನೂ ಕನ್ನಡಿಯಿಂದ ಅಷ್ಟೇ ದೂರ ಇದ್ದರೆ, ಕ್ಯಾಮೆರಾ ಲೆಕ್ಕದಲ್ಲಿ ಕಲೆ ಒಂದು ಮೀಟರ್ ಆಚೆ ಇದೆ. ಪಕ್ಕದಲ್ಲಿ ನಿಂತ ಇನ್ನೊಬ್ಬರು ಅದನ್ನೇ 25 ಸೆಂಟಿಮೀಟರ್‌ನಿಂದ ತೆಗೆದರೆ ಕಲೆ ನಾಲ್ಕು ಪಟ್ಟು ಅಗಲವಾಗಿ ಬರುತ್ತದೆ. ಆಮೇಲೆ ಎಷ್ಟೇ ಜೂಮ್ ಮಾಡಿದರೂ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ.

ಇನ್ನೊಂದು ತೊಂದರೆ ಫೋಕಸ್‌ನದು. ಕನ್ನಡಿಯ ಮೇಲೆ ನೀರಿನ ಕಲೆ, ಟೂತ್‌ಪೇಸ್ಟಿನ ಚುಕ್ಕೆ ಇದ್ದರೆ ಫೋನ್ ಅದಕ್ಕೇ ಫೋಕಸ್ ಹಿಡಿಯುತ್ತದೆ. ಆಗ ಕನ್ನಡಿಯ ಧೂಳು ಸ್ಪಷ್ಟ, ಬೆನ್ನು ಮಸುಕು. ಮನೆಯ ಕನ್ನಡಿಗೆ ಗಾಜಿನ ಹಿಂದೆ ಲೇಪ ಇರುತ್ತದೆ. ಓರೆಯಾಗಿ ನೋಡಿದರೆ ಗಾಜಿನ ಮುಂಭಾಗದಿಂದಲೂ ಒಂದು ತೆಳು ಬಿಂಬ ಬರುತ್ತದೆ, ಕಲೆಯ ಅಂಚು ಎರಡೆರಡಾಗಿ ಕಾಣುತ್ತದೆ. ಕಪ್ಪು ಮಚ್ಚೆಯ ಅಂಚು ಸರಿಯಾಗಿದೆಯೋ ಕದಡಿದೆಯೋ ಅಂತ ನೋಡುವ ಡಾಕ್ಟರಿಗೆ ಇದು ದಾರಿ ತಪ್ಪಿಸುವ ವಿಷಯ.

ಎಲ್ಲಕ್ಕಿಂತ ಅಪಾಯದ್ದು ಎಡ ಬಲ ಅದಲು ಬದಲಾಗುವುದು. ಕನ್ನಡಿಯಲ್ಲಿ ತೆಗೆದ ಬೆನ್ನಿನ ಚಿತ್ರದಲ್ಲಿ ಎಡ ಹೆಗಲು ಚಿತ್ರದ ಬಲಗಡೆ ಬರುತ್ತದೆ. ಇದು ಕನ್ನಡಿ ಚಿತ್ರ ಅಂತ ನೋಡುವವರಿಗೆ ಗೊತ್ತಾಗದಿದ್ದರೆ ಚೀಟಿಯಲ್ಲಿ ಬೇರೆ ಕಡೆಯೇ ಬರೆದುಕೊಳ್ಳುತ್ತಾರೆ. ಸೆಲ್ಫಿ ಕ್ಯಾಮೆರಾದಲ್ಲೂ ಹೀಗೆ ಆಗಬಹುದು. ಕೆಲವು ಫೋನ್‌ಗಳು ಚಿತ್ರವನ್ನು ತಿರುಗಿಸಿಯೇ ಉಳಿಸುತ್ತವೆ, ಕೆಲವು ಇಲ್ಲ. ಇದಕ್ಕೆ ಸುಲಭದ ಪರಿಹಾರ ಇದೆ. ಗಾಯಕ್ಕೆ ಹಾಕುವ ಬಿಳಿ ಪೇಪರ್ ಟೇಪಿನ ಒಂದು ತುಂಡಿನ ಮೇಲೆ ಪೆನ್ನಿನಲ್ಲಿ "ಬಲ" ಅಥವಾ "ಎಡ" ಅಂತ ಬರೆದು ಆ ಕಡೆಯ ಹೆಗಲಿಗೆ ಅಂಟಿಸಿ. ಫೋಟೋದಲ್ಲಿ ಅಕ್ಷರ ಓದುವ ಹಾಗೆ ಬಂದರೆ ಚಿತ್ರ ನೇರ. ತಿರುಚಿ ಬಂದರೆ ಕನ್ನಡಿ ಚಿತ್ರ. ವಾದವೇ ಇಲ್ಲ.

ಹಾಗಾದರೆ ಕನ್ನಡಿ ಯಾಕೆ ಬೇಕು? ನೋಡುವುದಕ್ಕೆ. ಬೀರುವಿನ ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಂತು, ಕೈಯಲ್ಲಿ ಒಂದು ಚಿಕ್ಕ ಕನ್ನಡಿ ಹಿಡಿದು ಮುಖದ ಮುಂದಿಂದ ಹಿಂದಕ್ಕೆ ನೋಡಿ. ಎರಡು ಸಲ ಪ್ರತಿಬಿಂಬ ಆಗುವುದರಿಂದ ಎಡ ಬಲ ಮತ್ತೆ ಸರಿಹೋಗುತ್ತದೆ, ನಿಜವಾಗಿ ಎಲ್ಲಿದೆಯೋ ಅಲ್ಲೇ ಕಾಣುತ್ತದೆ. ಹೀಗೆ ನೋಡಿ ಜಾಗ ಗುರುತು ಮಾಡಿಕೊಳ್ಳಿ: ಬೆನ್ನುಮೂಳೆಯಿಂದ ಎಡಕ್ಕೆ ನಾಲ್ಕು ಬೆರಳು, ಹೆಗಲ ಮೂಳೆಯ ಕೆಳತುದಿಗಿಂತ ಸ್ವಲ್ಪ ಕೆಳಗೆ, ಹೀಗೆ. ಫೋಟೋ ತೆಗೆಯುವವರಿಗೆ ತೋರಿಸುವುದಕ್ಕೂ ಡಾಕ್ಟರಿಗೆ ಬರೆದು ಕಳಿಸುವುದಕ್ಕೂ ಇದೇ ಸಾಕು.

ಬೆಳಕು: ಒಂದೇ ಇರಲಿ, ಅಲ್ಲಾಡದೆ ಇರಲಿ

ಬಿಸಿಲು ನೇರ ಬೀಳದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು ನಾಲ್ಕರವರೆಗಿನ ಬೆಳಕು ಸಾಕು. ಮೋಡ ಇದ್ದರೆ ಇನ್ನೂ ಒಳ್ಳೆಯದು, ನೆರಳು ಗಡುಸಾಗಿ ಬೀಳುವುದಿಲ್ಲ. ಆದರೆ ಕಿಟಕಿ ಬೆಳಕಿನಲ್ಲಿ ತೆಗೆಯುವಾಗ ರೂಮಿನ ಲೈಟು ಆರಿಸಿ. ಕಿಟಕಿಯ ಬೆಳಕು ಸ್ವಲ್ಪ ನೀಲಿ, ಹಳದಿ ಬಲ್ಬಿನದು ಹಳದಿ. ಎರಡೂ ಒಟ್ಟಿಗೆ ಬಿದ್ದರೆ ಬೆನ್ನಿನ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು ಬಣ್ಣ. ಫೋನ್ ಯಾವುದನ್ನು ಸರಿ ಮಾಡಬೇಕು ಅಂತ ತಿಳಿಯದೆ ಎರಡನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ ಕಿಟಕಿ ಹೊರಗೆ ನೀಲಿ ಟಾರ್ಪಾಲು ಕಟ್ಟಿದ್ದರೆ ಆ ಕಿಟಕಿ ಬೇಡ. ಚರ್ಮವೂ ನೀಲಿಗೆ ತಿರುಗುತ್ತದೆ. ಹಸಿರು ಗೋಡೆಗೆ ಒತ್ತಿ ನಿಲ್ಲುವುದೂ ಬೇಡ.

ಮಲೆನಾಡಿನ ಜುಲೈನಲ್ಲಿ ದಿನವಿಡೀ ಕಿಟಕಿಯಲ್ಲಿ ಬೆಳಕೇ ಇರುವುದಿಲ್ಲ ಅನ್ನುವುದೂ ನಿಜ. ಹಾಗಿದ್ದರೆ ಪರದೆ ಎಳೆದು, ಬರೀ ಬಿಳಿ ಟ್ಯೂಬ್‌ಲೈಟ್ ಹಾಕಿ, ಅದರ ಹತ್ತಿರಕ್ಕೆ ಹೋಗಿ ನಿಲ್ಲಿ. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬರುತ್ತವೆ. ಕಣ್ಣಿಗೆ ಕಾಣದಷ್ಟು ವೇಗವಾಗಿ ಆ ದೀಪ ಮಿನುಗುತ್ತಿರುವುದೇ ಕಾರಣ. ಸೆಟ್ಟಿಂಗ್‌ನಲ್ಲಿ ಒದ್ದಾಡುವುದಕ್ಕಿಂತ ಬೇರೆ ದೀಪದ ಕೆಳಗೆ ಹೋಗುವುದೇ ಸುಲಭ.

ಫ್ಲ್ಯಾಶ್ ಬೇಡ ಅನ್ನುವುದಕ್ಕೂ ಕಾರಣ ಇದೆ. ಲೆನ್ಸಿನ ಪಕ್ಕದಿಂದಲೇ ನೇರ ಬೀಳುವ ಬೆಳಕು ಉಬ್ಬು ತಗ್ಗನ್ನೆಲ್ಲ ಅಳಿಸಿಬಿಡುತ್ತದೆ, ಎಣ್ಣೆ ಬೆವರು ಇರುವ ಚರ್ಮ ಕನ್ನಡಿಯ ಹಾಗೆ ಹೊಳೆಯುತ್ತದೆ. ಕಿಟಕಿ ಬೆಳಕು ಓರೆಯಾಗಿ ಬಿದ್ದರೆ ಉಬ್ಬಿದ ಕಲೆಯ ಒಂದು ಬದಿಗೆ ಸಣ್ಣ ನೆರಳು ಬೀಳುತ್ತದೆ, ಅದು ಉಬ್ಬಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಹಾಗಾಗಿ ಒಂದು ಫೋಟೋ ಬೆಳಕು ಸಮವಾಗಿ ಬೀಳುವ ಹಾಗೆ ನಿಂತು ತೆಗೆಯಿರಿ, ಬಣ್ಣಕ್ಕೆ. ಇನ್ನೊಂದು ಮೈ ಸ್ವಲ್ಪ ತಿರುಗಿಸಿ ಓರೆ ಬೆಳಕಿನಲ್ಲಿ, ಉಬ್ಬಿಗೆ. ದೀಪ ಕದಲಿಸಬೇಡಿ, ಮೈ ತಿರುಗಿಸಿ.

ನಮ್ಮ ಮೈಬಣ್ಣದ ವಿಷಯವೂ ಇಲ್ಲಿ ಬರುತ್ತದೆ. ಫೋನ್ ಇಡೀ ಚಿತ್ರದ ಬೆಳಕನ್ನು ಸರಾಸರಿ ನೋಡುತ್ತದೆ. ಹಿಂದೆ ಬಿಳಿ ಗೋಡೆ, ಬಿಳಿ ಬನಿಯನ್ ಇದ್ದರೆ ಚಿತ್ರ ಜಾಸ್ತಿ ಬೆಳಗಿದೆ ಅಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ. ಕಪ್ಪು ಚರ್ಮದ ಮೇಲಿನ ಕಲೆ ಅದರಲ್ಲೇ ಮುಳುಗಿಹೋಗುತ್ತದೆ. ಕಡು ಬಣ್ಣದ ಸೀರೆ ಚಿತ್ರದಲ್ಲಿ ತುಂಬಿದ್ದರೆ ಉಲ್ಟಾ, ಚರ್ಮ ಬಿಳಿಚಿಕೊಳ್ಳುತ್ತದೆ. ಮಾಸಲು ನೀಲಿ ಅಥವಾ ಬೂದು ಬಣ್ಣದ ಬಟ್ಟೆ ಹಿಂದೆ ಹಾಕಿ. ಸ್ಕ್ರೀನಿನಲ್ಲಿ ಗೋಡೆಯನ್ನಲ್ಲ, ಚರ್ಮವನ್ನು ಮುಟ್ಟಿ ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕೂ ಅಲ್ಲೇ ಕೂರುತ್ತವೆ. ಐಫೋನಿನಲ್ಲಿ ಆಗ AE/AF LOCK ಅಂತ ಬರುತ್ತದೆ. ಬ್ಯೂಟಿ ಫಿಲ್ಟರ್, ಪೋರ್ಟ್ರೇಟ್ ಮೋಡ್ ಎರಡನ್ನೂ ತೆಗೆದುಹಾಕಿ. ಒಂದು ಚರ್ಮವನ್ನು ನುಣ್ಣಗೆ ಮಾಡುತ್ತದೆ, ಇನ್ನೊಂದು ಅಂಚನ್ನು ಮಸುಕು ಮಾಡುತ್ತದೆ. ಇನ್ನೊಂದು ಮಾತು, ಕಪ್ಪು ಮೈಯಲ್ಲಿ ಕೆಂಪು ಊತ ಕೆಂಪಾಗಿ ಕಾಣದೆ ಕಂದಾಗಿ, ನೇರಳೆಯಾಗಿ ಕಾಣುವುದು ಸಾಮಾನ್ಯ. ಫೋಟೋದಲ್ಲಿ ಕೆಂಪೇ ಬರಲಿಲ್ಲ ಅಂತ ಬಣ್ಣ ತಿದ್ದಬೇಡಿ. ಹೇಗಿದೆಯೋ ಹಾಗೇ ಕಳಿಸಿ, ಮುಟ್ಟಿದರೆ ಬಿಸಿ ಇದೆ, ಸುತ್ತ ಚರ್ಮಕ್ಕಿಂತ ಕಂದಾಗಿದೆ ಅಂತ ಮಾತಿನಲ್ಲಿ ಬರೆಯಿರಿ.

ಬೆನ್ನು

ಕಿಟಕಿಗೆ ಓರೆಯಾಗಿ, ಒಂದು ಕೈ ಅಳತೆ ದೂರ ನಿಲ್ಲಿ. ತೆಗೆಯುವವರು ಕಿಟಕಿಗೂ ಬೆನ್ನಿಗೂ ಮಧ್ಯೆ ಬರಬಾರದು, ಬಂದರೆ ಅವರ ನೆರಳೇ ಬೀಳುತ್ತದೆ. ಮೊದಲು ಕತ್ತಿನಿಂದ ಸೊಂಟದವರೆಗೆ ಇಡೀ ಬೆನ್ನು ಬರುವ ಹಾಗೆ ಒಂದು. ಆಮೇಲೆ ಕಲೆ ಮತ್ತು ಅದರ ಸುತ್ತ ಒಂದು ಅಂಗೈಯಷ್ಟು ಜಾಗ. ಆಮೇಲೆ ಹತ್ತಿರದ್ದು. ಹತ್ತಿರದ ಒಂದನ್ನೇ ಕಳಿಸಿದರೆ ಅದು ಬೆನ್ನೋ ತೊಡೆಯೋ ಗೊತ್ತಾಗುವುದಿಲ್ಲ. ದೂರದ್ದು ಒಂದನ್ನೇ ಕಳಿಸಿದರೆ ಕಲೆಯೇ ಗೊತ್ತಾಗುವುದಿಲ್ಲ.

ಹತ್ತಿರ ಅಂದರೆ ಅಂಟಿಸಿ ಹಿಡಿಯುವುದಲ್ಲ. ಫೋನನ್ನು ಐದಾರು ಸೆಂಟಿಮೀಟರಿಗೆ ತಂದರೆ ಮಸುಕಾಗುತ್ತದೆ, ಇಲ್ಲವೇ ಫೋನ್ ತಾನಾಗೇ ಬೇರೆ ಲೆನ್ಸಿಗೆ ಹಾರುತ್ತದೆ. ಚಿತ್ರ ಒಮ್ಮೆ ಜಗ್ಗಿದ ಹಾಗೆ ಆದರೆ ಲೆನ್ಸ್ ಬದಲಾಗಿದೆ ಅಂತ ತಿಳಿಯಿರಿ. ಜತೆಗೆ ಫೋನಿನದೇ ನೆರಳು ಕಲೆ ಮೇಲೆ ಬೀಳುತ್ತದೆ. 20-25 ಸೆಂಟಿಮೀಟರ್ ದೂರ ಹಿಡಿದು 2x ಜೂಮ್ ಮಾಡಿದರೆ ಇದಕ್ಕಿಂತ ಚೆನ್ನಾಗಿ ಬರುತ್ತದೆ. ತೆಗೆಯುವವರು ಮೊಣಕೈಯನ್ನು ಮೈಗೆ ಒತ್ತಿಕೊಳ್ಳಲಿ, ಮೂರು ಸೆಕೆಂಡಿನ ಟೈಮರ್ ಇಡಲಿ. ಬಟನ್ ಒತ್ತುವ ಆ ಒಂದು ಕ್ಷಣದ ಅಲುಗಾಟವೇ ಎಷ್ಟೋ ಫೋಟೋ ಕೆಡಿಸುತ್ತದೆ, ಟೈಮರ್ ಇಟ್ಟರೆ ಅದು ಹೋಗುತ್ತದೆ.

ಫೋನ್ ಬೆನ್ನಿಗೆ ಸಮಾನಾಂತರ ಇರಬೇಕು. ಎತ್ತರದವರು ಮೇಲಿಂದ ಬಗ್ಗಿಸಿ ತೆಗೆದರೆ ದುಂಡಗಿನ ಕಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದನ್ನು ಪತ್ತೆ ಹಚ್ಚುವುದಕ್ಕೂ ಅಳತೆಗೂ ಒಂದೇ ಸಾಧನ ಸಾಕು: ಮಕ್ಕಳ ಜಾಮಿಟ್ರಿ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲು. ಕಲೆಯ ಪಕ್ಕ, ಚರ್ಮಕ್ಕೆ ತಾಗಿಸಿ, ಕಲೆ ಮುಚ್ಚದ ಹಾಗೆ ಹಿಡಿಯಿರಿ. ಸ್ಕೇಲಿನ ಗೆರೆಗಳು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಒತ್ತೊತ್ತು ಬಂದಿದ್ದರೆ ಫೋನ್ ಓರೆಯಾಗಿತ್ತು ಅಂತ. ಸುಮಾರು ಜನ ಒಂದು ರೂಪಾಯಿ ನಾಣ್ಯ ಇಡುತ್ತಾರೆ. ಆದರೆ 2011ರಲ್ಲಿ ಬಂದ ಒಂದು ರೂಪಾಯಿ ನಾಣ್ಯ 22 ಮಿಲಿಮೀಟರ್ ಅಗಲ, 2019ರ ಸರಣಿಯದ್ದು 20. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಇಟ್ಟರೆ ಕಲೆ ಬೆಳೆಯದೇ ಬೆಳೆದ ಹಾಗೆ ಕಾಣುತ್ತದೆ.

ಬೆನ್ನ ತುಂಬಾ ಮಚ್ಚೆ ಇದ್ದು ಅದರಲ್ಲಿ ಒಂದನ್ನು ತೋರಿಸಬೇಕಾದರೆ ಪೇಪರ್ ಟೇಪನ್ನು ಬಾಣದ ಹಾಗೆ ಕತ್ತರಿಸಿ ಪಕ್ಕದಲ್ಲಿ ಅಂಟಿಸಿ. ಪೆನ್ನಿನಲ್ಲಿ ಸುತ್ತು ಹಾಕಬೇಡಿ, ಮಚ್ಚೆಯ ಅಂಚು ಯಾವುದು, ಶಾಯಿ ಯಾವುದು ಅಂತ ತಿಳಿಯದೆ ಹೋಗುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್, ಕ್ಯಾಲಮೈನ್ ಹಚ್ಚಿದ್ದರೆ ಮೊದಲು ತೊಳೆದು ಒರೆಸಿ, ಸ್ವಲ್ಪ ಹೊತ್ತು ಬಿಡಿ. ಉಜ್ಜಿದ ಕೂಡಲೇ ಚರ್ಮ ಕೆಂಪಾಗಿರುತ್ತದೆ.

ಒಬ್ಬರೇ ಇದ್ದೀರಾ? ಕಪಾಟಿನ ಮೇಲೋ ಪುಸ್ತಕದ ರಾಶಿಯ ಮೇಲೋ ಫೋನನ್ನು ಕಲೆ ಇರುವ ಎತ್ತರಕ್ಕೆ ಒರಗಿಸಿ, ಹಿಂಬದಿಯ ಕ್ಯಾಮೆರಾ ನಿಮ್ಮ ಕಡೆ ಇರಲಿ. ನೀವು ನಿಲ್ಲುವ ಜಾಗದಲ್ಲಿ ಮೊದಲು ಒಂದು ಕುರ್ಚಿ ಇಟ್ಟು, ಅದರ ಬೆನ್ನಿಗೆ ಚೌಕಳಿ ಟವೆಲ್ ಹಾಕಿ. ಟವೆಲ್ಲನ್ನು ಮುಟ್ಟಿ ಒತ್ತಿ ಫೋಕಸ್ ಲಾಕ್ ಮಾಡಿ. ಚೌಕಳಿ ಯಾಕೆ ಅಂದರೆ ಗೆರೆ ಇರುವ ಬಟ್ಟೆಗೆ ಫೋಕಸ್ ಬೇಗ ಹಿಡಿಯುತ್ತದೆ. ಕುರ್ಚಿಯ ಬೆನ್ನು ಇದ್ದ ಗೆರೆಗೆ ನೆಲದ ಮೇಲೆ ಟೇಪ್ ಅಂಟಿಸಿ, ಕುರ್ಚಿ ತೆಗೆದು, ಹತ್ತು ಸೆಕೆಂಡಿನ ಟೈಮರ್ ಹಾಕಿ, ಬೆನ್ನು ಆ ಗೆರೆಯ ನೇರಕ್ಕೆ ಬರುವ ಹಾಗೆ ನಿಲ್ಲಿ. ಇದರಲ್ಲಿ ಇಡೀ ಬೆನ್ನಿನ ಚಿತ್ರ, ಮಧ್ಯಮ ದೂರದ ಚಿತ್ರ ಚೆನ್ನಾಗಿ ಬರುತ್ತವೆ. ತೀರಾ ಹತ್ತಿರದ್ದು ಒಬ್ಬರೇ ತೆಗೆಯುವುದು ಕಷ್ಟ, ಅದಕ್ಕೆ ಯಾರಾದರೂ ಬರುವವರೆಗೆ ಕಾಯುವುದೇ ವಾಸಿ.

ನೆತ್ತಿ

ತಲೆ ಒಣಗಿರಬೇಕು, ಎಣ್ಣೆ ಇರಬಾರದು. ಎಣ್ಣೆ ಹಚ್ಚಿದ ಅಥವಾ ಒದ್ದೆ ಕೂದಲು ಜಡೆಜಡೆಯಾಗಿ ಅಂಟಿಕೊಂಡು ಮಧ್ಯೆ ಚರ್ಮ ಕಾಣುತ್ತದೆ, ಇಲ್ಲದ ಬೋಳು ಇದ್ದ ಹಾಗೆ ಆಗುತ್ತದೆ. ಬೈತಲೆಯಲ್ಲಿ ಕುಂಕುಮ ಇದ್ದರೆ ಅದನ್ನೂ ಪೂರ್ತಿ ಒರೆಸಿ. ಫೋಟೋದಲ್ಲಿ ಅದು ಚರ್ಮವೇ ಕೆಂಪಾದ ಹಾಗೆ ಬರುತ್ತದೆ.

ಚಿಕ್ಕ ಸ್ಟೂಲಿನ ಮೇಲೆ ಕುಳಿತುಕೊಳ್ಳಿ, ತೆಗೆಯುವವರು ನಿಂತಿರಲಿ. ತುದಿ ಚೂಪಾಗಿರುವ ಬಾಚಣಿಗೆಯಿಂದ ನಡು ಬೈತಲೆ ತೆಗೆದು, ಎರಡೂ ಕಡೆ ಕ್ಲಿಪ್ ಹಾಕಿ ಕೂದಲನ್ನು ಹಿಡಿದಿಡಿ. ಇಲ್ಲಿ ಬರುವ ದೊಡ್ಡ ತೊಂದರೆ ಅಂದರೆ ಫೋನ್ ಮೇಲಿನ ಕೂದಲ ತುದಿಗೆ ಫೋಕಸ್ ಹಿಡಿಯುತ್ತದೆ, ಕೆಳಗಿನ ಚರ್ಮ ಮಸುಕಾಗುತ್ತದೆ. ಸ್ಕೇಲಿನ ಅಂಚನ್ನು ಬೈತಲೆಯ ಪಕ್ಕದಲ್ಲೇ ಚರ್ಮಕ್ಕೆ ತಾಗಿಸಿ, ಸ್ಕೇಲಿನ ಅಂಕಿಗಳ ಮೇಲೆ ಮುಟ್ಟಿ ಫೋಕಸ್ ಮಾಡಿ. ಅಂಕಿ ಸ್ಪಷ್ಟವಾದರೆ ಅದೇ ಆಳದಲ್ಲಿರುವ ಚರ್ಮವೂ ಸ್ಪಷ್ಟ.

ಕೂದಲು ತೆಳುವಾಗುತ್ತಿದೆ ಅನ್ನುವ ದೂರಿಗೆ ಮೇಲಿಂದ ನಡು ಬೈತಲೆ, ಹಿಂದಿನ ಸುಳಿ, ಹಣೆಯ ಎರಡು ಪಕ್ಕ, ಮುಂದಿನ ಅಂಚು ಬೇಕು. ಹುಳ ತಿಂದ ಹಾಗೆ ದುಂಡಗೆ ಒಂದೇ ಕಡೆ ಉದುರಿದ್ದರೆ ಆ ಜಾಗದ ಅಂಚನ್ನು ಹತ್ತಿರದಿಂದ ತೆಗೆಯಿರಿ. ಅಂಚಿನಲ್ಲಿ ಬುಡ ಸಣ್ಣ, ತುದಿ ದಪ್ಪ ಇರುವ ಗಿಡ್ಡ ಕೂದಲು ಇದೆಯಾ, ಚರ್ಮ ನುಣ್ಣಗಿದೆಯಾ ಅಥವಾ ಹೊಟ್ಟು, ಕೀವು, ತುಂಡಾದ ಕೂದಲಿನ ಕಪ್ಪು ಚುಕ್ಕೆ ಇದೆಯಾ ಅಂತ ಡಾಕ್ಟರು ನೋಡುವುದು ಅಲ್ಲೇ. ಬೋಳಿನ ನಡುಭಾಗ ಅಷ್ಟು ಹೇಳುವುದಿಲ್ಲ.

ಕಾಲ್ಬೆರಳ ಸಂದಿ

ಮೂರರಲ್ಲಿ ಇದೇ ಕಷ್ಟದ್ದು. ನನ್ನ ಸೋದರತ್ತೆಯದೇ ವಿಷಯ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಗುವುದೆಲ್ಲ ಅವರ ಕಾಲಿನ ಫೋಟೋಗಳಲ್ಲಿ ಆಗಿತ್ತು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶ ಕಡಿಮೆ. ದಿನಾ ಅಂಗಳ, ಹಿತ್ತಲು, ಬಚ್ಚಲು ಅಂತ ನೀರಿನಲ್ಲೇ ಓಡಾಟ. ಬಲಗಾಲಿನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಮಧ್ಯೆ ಚರ್ಮ ಬೆಳ್ಳಗಾಗಿ ನೆನೆದ ಹಾಗೆ ಆಗಿತ್ತು. ಫಂಗಸ್ ಸೋಂಕು ಮೊದಲು ಕೂರುವುದು ಹೆಚ್ಚಾಗಿ ಇದೇ ಸಂದಿಯಲ್ಲಿ, ಅಲ್ಲಿ ಬೆರಳುಗಳು ಒತ್ತಿಕೊಂಡು ಗಾಳಿ ಆಡುವುದಿಲ್ಲ. ಅತ್ತೆಗೆ ನೋವಿಲ್ಲ. ಮಗಳು ಉಗುರು ಕತ್ತರಿಸುವಾಗ ನೋಡಿದ್ದು.

ಮಗಳು ಮೊದಲು ಕಳಿಸಿದ ಫೋಟೋ ಸ್ನಾನ ಆದ ತಕ್ಷಣ, ಮಂಚದ ಮೇಲೆ, ಫೋನಿನ ಟಾರ್ಚ್ ಹಾಕಿ ತೆಗೆದದ್ದು. ಅದರಲ್ಲಿ ಬೆರಳ ತುದಿಗಳು ಬೆಳ್ಳಗೆ ಮಿನುಗುತ್ತಿದ್ದವು, ಸಂದಿ ಕಪ್ಪು ಬಾವಿ. ಬೆರಳು ಲೆನ್ಸಿಗೆ ಹತ್ತಿರ, ಸಂದಿಯ ತಳ ದೂರ. ಹತ್ತಿರದ್ದಕ್ಕೆ ಜಾಸ್ತಿ ಬೆಳಕು, ತಳಕ್ಕೆ ಏನೂ ಇಲ್ಲ. ಮೇಲಾಗಿ ಸ್ನಾನ ಆದ ಕೂಡಲೇ ಯಾರ ಸಂದಿಯೂ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಅದನ್ನು ನೋಡಿ ಕಾಯಿಲೆ ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು.

ಎರಡನೇ ಸಲ ನಾವು ಮಾಡಿದ್ದು ಹೀಗೆ. ಸ್ನಾನ ಆಗಿ ಕಾಲು ಒರೆಸಿ ಒಂದು ಗಂಟೆಯ ಮೇಲೆ ಬಿಟ್ಟೆವು. ಪೌಡರ್, ಮುಲಾಮು ಏನೂ ಹಚ್ಚಲಿಲ್ಲ. ಅತ್ತೆ ಕುರ್ಚಿಯ ಮೇಲೆ ಕುಳಿತು, ಮುಂದೆ ಇನ್ನೊಂದು ಸ್ಟೂಲಿನ ಮೇಲೆ ನೀಲಿ ಬಟ್ಟೆ ಹಾಸಿ ಹಿಮ್ಮಡಿ ಇಟ್ಟರು, ಬೆರಳ ತುದಿಗಳು ಕಿಟಕಿ ಕಡೆಗೆ. ಗುಟ್ಟು ಇರುವುದು ಇದರಲ್ಲೇ: ಬೆಳಕು ಸಂದಿಯ ಉದ್ದಕ್ಕೆ ಒಳಗೆ ಹೋಗಬೇಕು. ಅಡ್ಡದಿಂದ ಬಂದರೆ ಪಕ್ಕದ ಬೆರಳು ತಡೆದುಬಿಡುತ್ತದೆ. ಮಗಳು ಕಿಟಕಿಯ ಪಕ್ಕಕ್ಕೆ, ಬೆಳಕಿಗೆ ಅಡ್ಡ ಬಾರದ ಹಾಗೆ ಕುಳಿತಳು. ಇನ್ನೊಬ್ಬರು ಗ್ಲೌಸ್ ಹಾಕಿಕೊಂಡು ಎರಡು ಬೆರಳುಗಳನ್ನು ಮೆಲ್ಲಗೆ ಅಗಲಿಸಿ ಹಿಡಿದರು. ಮೆಲ್ಲಗೆ ಅನ್ನುವುದು ಮುಖ್ಯ. ನೆನೆದ ಚರ್ಮ ಬಿಗಿಯಾಗಿ ಎಳೆದರೆ ಸೀಳುತ್ತದೆ, ಸ್ಪರ್ಶ ಇಲ್ಲದ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಕೈ ಸಾಲದಿದ್ದರೆ ಗಾಜ್ ಬಟ್ಟೆಯನ್ನು ಸಣ್ಣ ಸುರುಳಿ ಮಾಡಿ ಬೆರಳ ತುದಿಗಳ ಮಧ್ಯೆ ಇಡಬಹುದು, ತಳಕ್ಕೆ ತಳ್ಳಬಾರದು.

ಸಂದಿಯ ಬಿಳಿ ಚರ್ಮ ಫೋಟೋದಲ್ಲಿ ಇನ್ನೂ ವಿವರವೇ ಕಾಣದಷ್ಟು ಬೆಳ್ಳಗೆ ಬರುತ್ತಿತ್ತು. ಸುತ್ತಲ ಪಾದ ಕಪ್ಪು, ಮಧ್ಯೆ ಸಣ್ಣ ಬಿಳಿ ಜಾಗ, ಫೋನ್ ಪಾದಕ್ಕೆ ತಕ್ಕ ಹಾಗೆ ಬೆಳಕು ಏರಿಸಿದ್ದೇ ಕಾರಣ. ಆ ಬಿಳಿ ಜಾಗವನ್ನೇ ಮುಟ್ಟಿ ಒತ್ತಿ ಹಿಡಿದು, ಬೆರಳನ್ನು ಸ್ಕ್ರೀನಿನ ಮೇಲೆ ಕೆಳಕ್ಕೆ ಎಳೆದು ಬೆಳಕು ತಗ್ಗಿಸಿದಾಗ, ಬಿಳಿಯ ನಡುವೆ ಒಂದು ತೆಳು ಸೀಳು ಕಂಡಿತು. ಕಣ್ಣಿಗೆ ಅದು ಅಷ್ಟು ಕಂಡಿರಲಿಲ್ಲ. ಆಮೇಲೆ ಪಾದದ ಮೇಲ್ಭಾಗ, ಅಂಗಾಲು, ಅದೇ ಸಂದಿ ಮೇಲಿಂದ ಮತ್ತು ಅಂಗಾಲಿನ ಕಡೆಯಿಂದ, ಮಿಕ್ಕ ಸಂದಿಗಳು, ಹೋಲಿಕೆಗೆ ಎಡಗಾಲಿನ ಅದೇ ಸಂದಿ ತೆಗೆದಳು.

ಡಾಕ್ಟರು ಸೀಳು ನೋಡಿದ ಕೂಡಲೇ ಫೋನಿನಲ್ಲಿ ಮುಲಾಮು ಹೇಳಲಿಲ್ಲ, ಕರೆದುಕೊಂಡು ಬನ್ನಿ ಅಂದರು. ಸಕ್ಕರೆ ಕಾಯಿಲೆಯ ಕಾಲಿನಲ್ಲಿ ಅಂಥ ಸೀಳಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಇಡೀ ಕಾಲು ಊದಬಹುದು. ಅಲ್ಲಿ ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಫಂಗಸ್ ನೋಡಿದರು. ಮೊದಲೇ ಮನೆಯಲ್ಲಿ ಫಂಗಸ್ ಮುಲಾಮು ಹಚ್ಚಿದ್ದರೆ ಈ ಪರೀಕ್ಷೆಯಲ್ಲಿ ಫಂಗಸ್ ಇದ್ದೂ ಸಿಗದೆ ಹೋಗಬಹುದು, ಹಾಗಾಗಿ ಹಚ್ಚದೇ ಇದ್ದದ್ದು ಒಳ್ಳೆಯದಾಯಿತು.

ಒಬ್ಬರೇ ಇರುವ ಸಕ್ಕರೆ ಕಾಯಿಲೆಯವರು ದಿನಾ ಅಂಗಾಲು ನೋಡಿಕೊಳ್ಳಲು ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅದರ ಮೇಲೆ ಪಾದ ಚಾಚಿ ನೋಡಬಹುದು. ಅದು ತುಂಬ ಒಳ್ಳೆಯ ಅಭ್ಯಾಸ. ಫೋಟೋ ಬೇಕಾದಾಗ ಮಾತ್ರ ಫೋನನ್ನು ಕನ್ನಡಿಗಲ್ಲ, ಪಾದಕ್ಕೆ ತಿರುಗಿಸಿ.

ಎರಡು ವಾರದ ನಂತರ ಮತ್ತೆ ತೆಗೆಯುವಾಗ

ಔಷಧಿ ಹಿಡಿಯಿತೋ ಇಲ್ಲವೋ ನೋಡಲು ಮತ್ತೆ ಫೋಟೋ ಕೇಳುತ್ತಾರೆ. ಆಗ ಅದೇ ಕಿಟಕಿ, ಅದೇ ಹೊತ್ತು, ಅದೇ ದೂರ, ಅದೇ ಸ್ಕೇಲು, ಅದೇ ಫೋನ್. ಹಳೇ ಫೋಟೋ ಇನ್ನೊಂದು ಫೋನಿನಲ್ಲಿ ತೆರೆದಿಟ್ಟು ನೋಡಿಕೊಂಡೇ ತೆಗೆಯಿರಿ. ಬೆಳಕು ಬದಲಾದರೆ ಕಲೆ ತಿಳಿಯಾದ ಹಾಗೆ ಕಾಣುತ್ತದೆ, ಹತ್ತಿರದಿಂದ ತೆಗೆದರೆ ಬೆಳೆದ ಹಾಗೆ. ಅನುಮಾನ ಬಂದರೆ ಪಕ್ಕದ ಆರೋಗ್ಯವಾದ ಚರ್ಮವನ್ನು ನೋಡಿ. ಎರಡು ಫೋಟೋಗಳಲ್ಲಿ ಅದರ ಬಣ್ಣವೇ ಬೇರೆ ಬೇರೆ ಇದ್ದರೆ ಕಲೆಯ ಬಣ್ಣ ಹೋಲಿಸುವುದರಲ್ಲಿ ಅರ್ಥ ಇಲ್ಲ. ಬೈತಲೆಗೂ ಇದೇ ಮಾತು: ಹೋದ ಸಲ ನಡುವೆ, ಈ ಸಲ ಓರೆ ಬೈತಲೆ ತೆಗೆದರೆ ಹೋಲಿಕೆ ಕೆಟ್ಟಿತು.

ಕಳಿಸುವಾಗ

ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಸೀಳಿನಂಥ ಸಣ್ಣ ವಿವರ ಹೋಗುತ್ತದೆ. HD ಆರಿಸಿ, ಅಥವಾ Document ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಹೋದ ಮೂಲ ಫೈಲಿನಲ್ಲಿ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಹೋಗಬಹುದು, ಬೇಡ ಅನ್ನಿಸಿದರೆ ತೆಗೆಯುವ ಮೊದಲೇ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಡಿ. ಮುಖ, ತಾಳಿ, ಹಚ್ಚೆ ಬೇಡದಿದ್ದರೆ ಚಿತ್ರದ ಹೊರಗಿಡಿ. ನಂಬರ್ ಒಮ್ಮೆ ಸರಿಯಾಗಿ ನೋಡಿ, ಮನೆಯ ಗ್ರೂಪಿಗೆ ಹೋಗಿಬಿಟ್ಟರೆ ಬೆನ್ನಿನವರಿಗೆ ಬಹಳ ಬೇಜಾರಾಗುತ್ತದೆ. ಇನ್ನೊಬ್ಬರ ಫೋನಿನಲ್ಲಿ ತೆಗೆದದ್ದಾದರೆ ಅಳಿಸಿ, ಆಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿಸಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದು ಅಳಿಸಿದ ಮೇಲೂ 60 ದಿನ ಅಲ್ಲೇ ಇರುತ್ತದೆ, ಐಫೋನಿನ Recently Deletedನಲ್ಲಿ 30 ದಿನ.

ಫೋಟೋ ಜತೆ ನಾಲ್ಕು ಸಾಲು ಬರೆಯಿರಿ: ಯಾವಾಗಿನಿಂದ, ತುರಿಕೆಯೋ ನೋವೋ, ಏನು ಹಚ್ಚಿದ್ದೀರಿ, ಸಕ್ಕರೆ ಕಾಯಿಲೆ ಇದೆಯಾ. 2020ರ ಮಾರ್ಚಿನಲ್ಲಿ ಬಂದ ನಮ್ಮ ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ದೂರದಿಂದ ನೋಡುವುದು ಸಾಕೋ, ಎದುರಿಗೇ ನೋಡಬೇಕೋ ಅಂತ ತೀರ್ಮಾನಿಸುವುದು ಡಾಕ್ಟರ ಕೈಯಲ್ಲಿದೆ. ಬನ್ನಿ ಅಂದರೆ ಇನ್ನೊಂದು ಫೋಟೋ ಕಳಿಸುತ್ತೇನೆ ಅನ್ನಬೇಡಿ.

ಯಾಕೆಂದರೆ ಫೋಟೋಗೆ ಬಾರದ ಸಂಗತಿಗಳೂ ಇವೆ. ಬೆನ್ನ ಮೇಲಿನ ತಿಳಿ ಮಚ್ಚೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಸಾಮಾನ್ಯವಾಗಿ ಬೆವರಿಗೆ ಬರುವ ಚಿಬ್ಬು. ಆದರೆ ಕುಷ್ಠದ ಮೊದಲ ಗುರುತೂ ಹೀಗೇ ತಿಳಿ ಮಚ್ಚೆಯಾಗಿರಬಹುದು, ಎಷ್ಟೇ ಒಳ್ಳೆಯ ಫೋಟೋದಲ್ಲೂ ಎರಡೂ ಒಂದೇ ಥರ ಕಾಣಬಹುದು. ವ್ಯತ್ಯಾಸ ಇರುವುದು ಸ್ಪರ್ಶದಲ್ಲಿ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆ ಮೇಲೊಮ್ಮೆ, ಪಕ್ಕದ ಚರ್ಮದ ಮೇಲೊಮ್ಮೆ ಸವರಿ ಕೇಳಿ. ಮಚ್ಚೆ ಮೇಲೆ ಗೊತ್ತಾಗುತ್ತಿಲ್ಲ ಅಂದರೆ, ಅಥವಾ ಅನುಮಾನ ಇದ್ದರೂ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಔಷಧಿ ಅಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಅಂಗಾಲಿನಲ್ಲಿ, ಬೆರಳ ಸಂದಿಯಲ್ಲಿ, ಉಗುರಿನ ಕೆಳಗೆ ಹೊಸದಾಗಿ ಕಪ್ಪು ಕಲೆ ಬಂದು ಹರಡುತ್ತಿದ್ದರೆ, ವಾರಗಟ್ಟಲೆ ಮಾಯದ ಹುಣ್ಣಾಗಿದ್ದರೆ ಬೇಗ ಚರ್ಮದ ಡಾಕ್ಟರಿಗೆ ಎದುರಿಗೇ ತೋರಿಸಿ, ಕಪ್ಪು ಮೈಯವರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಇಂಥ ಜಾಗದಲ್ಲೇ. ಇನ್ನು ಸಕ್ಕರೆ ಕಾಯಿಲೆಯವರ ಕಾಲು ಊದಿ ಬಿಸಿಯಾಗಿ ಜ್ವರ ಬಂದಿದ್ದರೆ, ಬೆರಳು ಕಪ್ಪಾಗಿದ್ದರೆ, ಕೀವಿನ ವಾಸನೆ ಬರುತ್ತಿದ್ದರೆ ಕಿಟಕಿ ಬೆಳಕಿಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ.